ಬಾಗಿಲಲ್ಲಿ ನಿಂತವಳು

ಯೂನಿಯನ್ ಸಿಟಿ, ಕ್ಯಾಲಿಫೋರ್ನಿಯಾ
೧೪ ಸೆಪ್ಟೆಂಬರ್ ೧೯೮೬, ಭಾನುವಾರ

ಪ್ರೀತಿಯ ಮಗಳು ಸೌದಾಮಿನಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ನಿನ್ನ ಮಂಡಿನೋವು ಹೇಗಿದೆ? ಹಾಸನದ ಚಳಿಗೆ ಮುಂಚೆಯೇ ಎಣ್ಣೆ ತಿಕ್ಕಿಕೊಳ್ಳುವುದನ್ನು ಶುರುಮಾಡು, ನಿನ್ನ ಅಮ್ಮನ ಹಾಗೆ ನೋವು ಬಂದಮೇಲೆ ಡಬ್ಬಿ ಹುಡುಕಬೇಡ. ಅಳಿಯಂದಿರು, ಮಕ್ಕಳು ಕ್ಷೇಮವೆಂದು ನಂಬಿದ್ದೇನೆ. ನಿನ್ನ ತಂಗಿ ವಿನೋದಾ ಚೆನ್ನಾಗಿದ್ದಾಳೆ, ಬೆಳಿಗ್ಗೆ ಫ್ರೀವೇ ಹತ್ತಿದರೆ ಸಂಜೆಯೇ ಇಳಿಯುವುದು. ಅವಳ ಮಗಳಿಗೆ ನಾನು ಕನ್ನಡದಲ್ಲಿ ಏನು ಕೇಳಿದರೂ "ಓಕೆ ತಾತ" ಎನ್ನುತ್ತಾಳೆ. ನನ್ನ ಆರೋಗ್ಯ ಸರಿಯಾಗಿದೆ. ಹೊಟ್ಟೆಯೊಂದು ಉರಿಯುತ್ತಿದೆ, ಅದಕ್ಕೆ ಡಾಕ್ಟರ ಬಳಿ ಔಷಧಿ ಇಲ್ಲ.

ವಿಷಯ ಹೇಳುತ್ತೇನೆ. ಇಲ್ಲಿಯ ಕನ್ನಡದವರು ರಾಜ್ಯೋತ್ಸವಕ್ಕೆ ನಾಟಕ ಆಡುತ್ತಿದ್ದಾರೆ. ಅದಕ್ಕೊಂದು ದರ್ಬಾರಿನ ಪರದೆ ಬೇಕು. ಮಿಲ್ಪಿಟಾಸಿನಲ್ಲಿ ಎಲೆಕ್ಟ್ರಾನಿಕ್ಸ್ ಕಂಪನಿ ಇಟ್ಟಿರುವ ಗುರುದತ್ ಎಂಬವರು ಖರ್ಚೆಲ್ಲ ತಮ್ಮದೆಂದರು. ಮಂಡ್ಯದ ಹೈಸ್ಕೂಲಿನಲ್ಲಿ ಆಯುಷ್ಯವೆಲ್ಲ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ನಾನು. ಆ ಕೆಲಸ ಯಾರಿಗೆ ಬರಬೇಕಿತ್ತು, ನೀನೇ ಹೇಳು. ಬಂದದ್ದು ರಘೋತ್ತಮನಿಗೆ! ಉಡುಪಿಯವನು, ಮುಂಬಯಿಯಲ್ಲಿ ಸಿನಿಮಾದ ಹೋರ್ಡಿಂಗ್ ಬರೆದುಕೊಂಡಿದ್ದವನು. ಅವನೂ ನನ್ನ ಹಾಗೆ ಮಗಳ ಮನೆಯಲ್ಲಿದ್ದಾನೆ, ಆದರೆ ಹೆಂಡತಿ ಇದ್ದಾಳೆ. ಪರದೆ ಬರೆಯುವುದು ಗುರುದತ್ತರ ಗ್ಯಾರೇಜಿನಲ್ಲಿ; ಮಧ್ಯಾಹ್ನ ಅವಳು ಅಲ್ಲಿಗೆ ಫ್ಲಾಸ್ಕಿನಲ್ಲಿ ಕಾಫಿ ತಂದು, ಅವನು ಕುಡಿದು ಮುಗಿಸುವ ತನಕ ನಿಂತಿರುತ್ತಾಳೆ. ನನಗೂ ಒಂದು ಲೋಟ ಕೊಡುತ್ತಾಳೆ, ಅದು ಬೇರೆ ಮಾತು.

ಈ ಸಂಕಟ ಮರೆಯಲೆಂದು ವಿನೋದಾ ನನ್ನನ್ನು ದೊಡ್ಡವರ ಶಾಲೆಯ ಚಿತ್ರಕಲೆಯ ಕ್ಲಾಸಿಗೆ ಸೇರಿಸಿದಳು. ಬುಧವಾರ ಬುಧವಾರ ಬಿಳಿ ಕೂದಲಿನ ಒಬ್ಬ ಮೇಡಂ ಸ್ಲೈಡು ಹಾಕಿ ಐನೂರು ವರ್ಷದ ಹಿಂದಿನ ಇಟಲಿಯ ಪಾಠ ಹೇಳುತ್ತಾರೆ. ನನ್ನ ಇಂಟರ್‌ಮೀಡಿಯೆಟ್ ಇಂಗ್ಲಿಷು ಅರ್ಧ ತುಕ್ಕು ಹಿಡಿದಿದೆ, ಆದರೂ ಕಣ್ಣಿಗೆ ಕಂಡದ್ದು ಅರ್ಥವಾಗುತ್ತದೆ. ಅರ್ಥವಾದಷ್ಟೂ ಸಂಕಟ ಹೆಚ್ಚಿತು, ಯಾಕೆಂದರೆ ಅಲ್ಲಿ ನಡೆದದ್ದೆಲ್ಲ ಇಲ್ಲಿ ಗುರುದತ್ತರ ಗ್ಯಾರೇಜಿನಲ್ಲಿ ನಡೆಯುತ್ತಿತ್ತು.

ಕೇಳು. ಫ್ಲಾರೆನ್ಸು, ಸಿಯೆನಾ ಎಂದರೆ ಒಂದೊಂದು ಊರೇ ಒಂದೊಂದು ರಾಜ್ಯ. ಬ್ಯಾಂಕಿನವರು, ಉಣ್ಣೆ ಬಟ್ಟೆಯ ವ್ಯಾಪಾರಿಗಳು ದುಡ್ಡು ಮಾಡಿದರು. ಬಡ್ಡಿ ತಿನ್ನುವುದು ಅವರ ಧರ್ಮದಲ್ಲಿ ಪಾಪ, ಹಾಗಾಗಿ ಪಾಪ ಕಳೆಯಲೂ ಆಯಿತು, ಪಕ್ಕದ ಮನೆತನದವರು ಕರುಬಲೂ ಆಯಿತು ಎಂದು ಚರ್ಚಿನ ಗೋಡೆಗೆಲ್ಲ ಚಿತ್ರ ಬರೆಸಿದರು. ಬಾಯಿಮಾತಲ್ಲ, ಪಕ್ಕಾ ಕರಾರು. ಸಮುದ್ರದಾಚೆಯಿಂದ ಬರುವ ನೀಲಿಕಲ್ಲನ್ನು ಅರೆದ ಬಣ್ಣವನ್ನೇ ಅವರ ದೇವಮಾತೆಯ ಸೆರಗಿಗೆ ಹಚ್ಚಬೇಕು, ಚಿನ್ನದ ರೇಕು ಇಂಥದ್ದೇ ಇರಬೇಕು, ಇಷ್ಟರೊಳಗೆ ಮುಗಿಯಬೇಕು. ಬರೆಸಿದ ಧಣಿ ಒಂದು ಮೂಲೆಯಲ್ಲಿ ಮೊಣಕಾಲೂರಿ ಕೈಮುಗಿದಿರುತ್ತಾನೆ. ಮೊದಲು ಇಲಿಮರಿಯಷ್ಟಿದ್ದವನು ಬರಬರುತ್ತಾ ಸಂತರ ಸಮಕ್ಕೆ ಬೆಳೆದ. ಧಣಿಗಳ ರುಚಿಯೂ ತಿರುಗಿತು: ಚಿನ್ನ ಕಡಿಮೆಯಾದರೂ ಚಿಂತೆಯಿಲ್ಲ, ಮುಖಗಳನ್ನು ಮಾತ್ರ ಗುರುವೇ ಸ್ವಂತ ಕೈಯಿಂದ ಬರೆಯಬೇಕು. ಗುರುದತ್ ಹೇಳಿದ್ದೂ ಅದೇ: "ಫೇಸೆಲ್ಲ ರಘೋತ್ತಮರೇ ಮಾಡ್ಬೇಕು, ನಾವು ಗಂಡ ಹೆಂಡ್ತಿ ಇಬ್ರೂ ಕಾರ್ನರಿನಲ್ಲಿ ಕೈಮುಗಿದು ನಿಂತಿರ್ಬೇಕು."

ಅಲ್ಲಿಯ ಚಿತ್ರಶಾಲೆ ಎಂದರೆ ನಮ್ಮ ಮದುವೆಮನೆಯ ಅಡುಗೆಯವರ ಗುಂಪೇ. ಒಬ್ಬ ಬಣ್ಣ ಅರೆಯುತ್ತಾನೆ, ಒಬ್ಬ ಹಲಗೆಗೆ ಗೋಂದು ಸುಣ್ಣ ಬಳಿದು ನುಣ್ಣಗೆ ಉಜ್ಜುತ್ತಾನೆ, ಒಬ್ಬ ಮೊಟ್ಟೆಯ ಹಳದಿ ಬೆರೆಸುತ್ತಾನೆ. ಗುರು ಕಾಗದದ ಮೇಲೆ ಬರೆದ ಗೆರೆಗೆ ಸೂಜಿಯಿಂದ ತೂತು ಕುಟ್ಟಿ, ಗೋಡೆಗಿಟ್ಟು, ಇದ್ದಿಲ ಪುಡಿಯ ಗಂಟಿನಿಂದ ತಟ್ಟಿದರೆ ಚಿತ್ರ ಇಳಿಯುತ್ತದೆ. ನಿನ್ನ ಅಮ್ಮನ ತೂತಿನ ರಂಗೋಲಿ ಡಬ್ಬಿ ನೆನಪಾಯಿತು. ಆಮೇಲೆ ಶಿಷ್ಯರು ಬಟ್ಟೆ, ಮರ, ನೆಲ ಬರೆಯುತ್ತಾರೆ. ಗುರು ಕೊನೆಗೆ ಬಂದು ಮುಖ ಬರೆದು ಹೋಗುತ್ತಾನೆ. ಹೆಸರೆಲ್ಲ ಅವನದು!

ಹೋದ ತಿಂಗಳು ರಘೋತ್ತಮನೇ ಫೋನು ಮಾಡಿದ. "ಮೇಷ್ಟ್ರೇ, ರಾಜ ಜಾರಿ ಬೀಳ್ತಾನೆ ಮಾರಾಯ್ರೇ, ಒಮ್ಮೆ ಬನ್ನಿ" ಎಂದ. ಹೋಗಿ ನೋಡಿದರೆ ದರ್ಬಾರಿನ ಚೌಕದ ಹಾಸುಗಲ್ಲು ಗುಡ್ಡದ ಇಳಿಜಾರಿನಂತೆ ಎದ್ದು ನಿಂತಿದೆ. ಪ್ರತಿ ಸಾಲನ್ನೂ ಹಿಂದಿನದಕ್ಕಿಂತ ಮೂರರಲ್ಲಿ ಒಂದು ಪಾಲು ಕಡಿಮೆ ಮಾಡುತ್ತಾ ಹೋಗಿದ್ದಾನೆ, ಬರೀ ಅಂದಾಜು. ಇಟಲಿಯಲ್ಲೂ ಹಿಂದೆ ಇದೇ ತಪ್ಪು ಮಾಡುತ್ತಿದ್ದರಂತೆ. ನಾನು ಮೂಲೆಯಿಂದ ಮೂಲೆಗೆ ಓರೆಯಾಗಿ ಒಂದು ದಾರ ಹಿಡಿದೆ. ಸರಿಯಾದ ನೆಲದಲ್ಲಿ ಆ ದಾರ ಪ್ರತಿ ಚೌಕದ ಮೂಲೆಯನ್ನೂ ಮುಟ್ಟಿಕೊಂಡು ಹೋಗಬೇಕು. ಅವನದರಲ್ಲಿ ಎಲ್ಲೂ ಮುಟ್ಟಲಿಲ್ಲ. ಸೌದಾಮಿನಿ, ಆವತ್ತು ರಾತ್ರಿ ಊಟ ರುಚಿಸಿತು.

ಅಂದಿನಿಂದ ನೆಲ ನನ್ನದು, ಅಂದರೆ ನಾನು ಶಿಷ್ಯ. ನೋಡುವವರ ಕಣ್ಣಿನ ಎತ್ತರಕ್ಕೆ ಅಡ್ಡಗೆರೆ ಎಳೆದು, ಅದರ ಮೇಲೆ ಒಂದು ಮೊಳೆ ಹೊಡೆದೆ. ಪರದೆಯ ಬುಡದಲ್ಲಿ ಸಮನಾಗಿ ಗುರುತು ಹಾಕಿ, ಪ್ರತಿ ಗುರುತಿನಿಂದಲೂ ಮೊಳೆಗೆ ದಾರ ಕಟ್ಟಿದರೆ ನೆಲ, ಕಂಬ, ತೊಲೆ ಎಲ್ಲ ಅಲ್ಲಿಗೇ ಓಡುತ್ತವೆ. ಸಾಲುಗಳು ಎಷ್ಟೆಷ್ಟು ಹತ್ತಿರವಾಗಬೇಕೆಂಬುದಕ್ಕೆ, ನೋಡುವವನು ಎಷ್ಟು ದೂರ ನಿಂತಿದ್ದಾನೆಂದು ಬೇರೆ ಹಾಳೆಯಲ್ಲಿ ಪಕ್ಕನೋಟ ಬರೆದು ಅಳತೆ ತೆಗೆಯಬೇಕು. ಗುರುದತ್ತರ ಹೆಂಡತಿ ತಮ್ಮನ್ನು ಸೇನಾಪತಿಗಿಂತ ದೊಡ್ಡದಾಗಿ ಬರೆಯಿರಿ ಎಂದರು. ಒಂದೇ ಸಾಲಿನ ಕಲ್ಲಿನ ಮೇಲೆ ನಿಂತವರು ಒಂದೇ ಅಳತೆಗೆ ಇರಬೇಕಮ್ಮ, ಈ ನೆಲಕ್ಕೆ ಬಡವ ಬಲ್ಲಿದ ಇಲ್ಲ ಎಂದೆ. ಮೆಚ್ಚಲಿಲ್ಲ.

ಈಗ ಗುಟ್ಟು. ಮೊಳೆ ಎಲ್ಲಿದೆಯೋ ಅಲ್ಲಿಗೇ ನೋಡುವವರ ಕಣ್ಣು ಹೋಗುತ್ತದೆ. ಇಟಲಿಯವರು ಎಷ್ಟೋ ಸಲ ಅದನ್ನು ದೇವರ ಮುಖಕ್ಕೇ ತಂದಿಡುತ್ತಿದ್ದರು. ರಘೋತ್ತಮ ರಾಜನ ಮುಖದಲ್ಲಿಡಿ ಎಂದಿದ್ದ. ಅವನು ಬರೆದ ಮುಖಕ್ಕೆ ನನ್ನ ಗೆರೆಗಳೆಲ್ಲ ಅಡ್ಡಬೀಳಬೇಕೇ? ನಾನು ಒಂದು ಮೊಳ ಪಕ್ಕಕ್ಕೆ, ಸಿಂಹಾಸನದ ಹಿಂದಿನ ಖಾಲಿ ಬಾಗಿಲಲ್ಲಿ ಹೊಡೆದೆ. ಬಣ್ಣ ಒಣಗಿದ ಮೇಲೆ ಅವನು ದೂರ ನಿಂತು ನೋಡಿದ. "ಮೊಳೆ ಆಚೆ ಹೋಯ್ತಲ್ಲ ಮೇಷ್ಟ್ರೇ?" ಎಂದ. ಲೆಕ್ಕ ಹಾಗೇ ಬರುತ್ತದೆ ಎಂದೆ. ಬೈಯುತ್ತಾನೆಂದುಕೊಂಡಿದ್ದೆ, ಬೈಯಲಿಲ್ಲ. "ಹಾಗಾದ್ರೆ ಆ ಬಾಗಿಲಲ್ಲಿ ಯಾರಾದ್ರೂ ನಿಂತಿರ್ಬೇಕು. ಖಾಲಿ ಬಿಟ್ರೆ ಎಲ್ಲರ ಕಣ್ಣೂ ಹೊಂಡಕ್ಕೆ ಬಿದ್ದ ಹಾಗೆ ಆಗ್ತದೆ. ನೀವೇ ಬರೀರಿ" ಎಂದು ಕುಂಚ ಕೊಟ್ಟ.

ಬರೆದೆ. ಗೇಣುದ್ದದ ಒಬ್ಬ ಹೆಂಗಸು, ಹಸಿರು ಸೀರೆ, ಒಂದು ಕೈ ಬಾಗಿಲವಾಡದ ಮೇಲೆ. ಶಾಲೆ ಬಿಟ್ಟು ನಾನು ಬರುವುದು ತಡವಾದರೆ ಹಾಗೆ ನಿಲ್ಲುತ್ತಿದ್ದವಳು ಯಾರೆಂದು ನಿನಗೆ ಗೊತ್ತು. ಅಷ್ಟಕ್ಕೇ ನಿಲ್ಲಿಸಿದ್ದೇನೆ. ಉಳಿದಂತೆ ಎಲ್ಲ ಕ್ಷೇಮ. ಅಳಿಯಂದಿರಿಗೆ ನನ್ನ ನಮಸ್ಕಾರ, ಮೊಮ್ಮಕ್ಕಳಿಗೆ ಮುದ್ದು. ಎಣ್ಣೆ ಮರೆಯಬೇಡ.

ಇಂತು ನಿನ್ನ ಅಪ್ಪ,
ಹನುಮಂತರಾಜು

ಮರೆತಿದ್ದೆ: ಅವಳಿಗೆ ಇನ್ನೂ ಮುಖವಿಲ್ಲ. ನಾನು ಬರೆದ ಮುಖಗಳೆಲ್ಲ ಹೆಡ್‌ಮಾಸ್ಟರ ಹಾಗಿರುತ್ತವೆಂದು ನಿನ್ನ ಅಮ್ಮನೇ ನಗುತ್ತಿದ್ದಳಲ್ಲ, ಎರಡು ಸಲ ಬರೆದು ಎರಡು ಸಲ ಅಳಿಸಿದೆ. ನಿಮ್ಮ ನಡುಮನೆಯಲ್ಲಿರುವ ನಿನ್ನ ಅಮ್ಮ ಸತ್ಯವತಿಯ ಫೋಟೋದ ಒಂದು ಕಾಪಿ ತೆಗೆಸಿ ಕೂಡಲೇ ಏರ್‌ಮೇಲಿನಲ್ಲಿ ಕಳಿಸು. ಮುಖ ರಘೋತ್ತಮನೇ ಬರೆಯಬೇಕು, ನಾನೇ ಕೇಳಿಕೊಳ್ಳುತ್ತೇನೆ. ಅವನು ಇಡೀ ದಿನ ಅವಳ ಮುಖವನ್ನೇ ನೋಡುತ್ತಾ ಕೂರುತ್ತಾನಲ್ಲ, ಅದನ್ನು ನೆನೆದರೇ ಮೈ ಉರಿಯುತ್ತದೆ. ಆದರೂ ಕಳಿಸು. ಮೊಳೆ ಕಿತ್ತ ತೂತು ಸರಿಯಾಗಿ ಅವಳ ಹಣೆಯಲ್ಲಿದೆ. ಆ ಕುಂಕುಮವನ್ನು ಮಾತ್ರ ನಾನೇ ಇಡುತ್ತೇನೆಂದು ಅವನಿಗೆ ಮೊದಲೇ ಹೇಳಿಬಿಡುತ್ತೇನೆ.