ಅವರೆಕಾಯಿ ಸುಲಿಯುತ್ತಾ ನೀನು ಕೇಳಿದ ಪಾಠ

ಮಹಾ ಕಿಲಾಡಿ ದೊಡ್ಡಮಾದಮ್ಮಜ್ಜಿಗೆ,

ಚೆನ್ನಾಗಿದ್ದೀಯಾ ಎಂದು ಕೇಳುವ ಹಾಗಿಲ್ಲ, ನೀನು ಸತ್ತಿದ್ದೀಯ. ನಿನ್ನ ಮೇಲಿನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನರ್ಸಿಂಗ್ ಮರುಪರೀಕ್ಷೆಗೆ ಓದಲು ಈರೋಡಿನ ಹಾಸ್ಟೆಲಿನಿಂದ ನಮ್ಮೂರು ತಿಗನಾರೆಗೆ ಬಂದಾಗ ನನ್ನ ಸ್ಥಿತಿ ಹೇಗಿತ್ತೆಂದು ನೀನೇ ನೋಡಿದ್ದೀಯ. ವಾರ್ಡಿನಲ್ಲಿ ನಿಂತು ನಿಂತು ಕಾಲು ಸೋತಿದ್ದವು, ಪುಸ್ತಕ ತೆರೆದರೆ ತೂಕಡಿಕೆ. ಈ ಸಲವೂ ಫೇಲಾದರೆ ಓದು ಬಿಡಿಸುತ್ತೇನೆಂದು ಅಪ್ಪ ಖಡಾಖಂಡಿತ ಹೇಳಿದ್ದ. ಇಡೀ ಪಾಠ ಓದುವ ತ್ರಾಣವಿಲ್ಲದೆ ಪಾಠಕ್ಕೊಂದು ಪುಟದ ಸಾರಾಂಶ ಬರೆದುಕೊಂಡು ಉರು ಹೊಡೆಯುತ್ತಿದ್ದೆ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನೀನು ಕೂಗಿದೆ: "ಒಬ್ಳೇ ಗೊಣಗ್ಬ್ಯಾಡ ಕಣಮ್ಮಿ. ಕಿಡ್ನಿ ಪಾಠ ಅದಂತಲ್ಲ, ಅದ ನಂಗೆ ಯೋಳ್ಕೊಡು."

ನನಗೂ ನಿದ್ದೆ ಓಡಿಸಲು ಒಬ್ಬರು ಬೇಕಿತ್ತು. ಟೀಚರಮ್ಮನ ಗತ್ತಿನಲ್ಲಿ ಎದ್ದು ನಿಂತೆ. ಕಿಡ್ನಿ ಅಂದರೆ ರಕ್ತ ಸೋಸುವ ಜರಡಿ. ಕೆಟ್ಟರೆ ಕಶ್ಮಲ ರಕ್ತದಲ್ಲೇ ಉಳಿಯುತ್ತದೆ, ಕಾಲು ಊದುತ್ತದೆ, ರಕ್ತ ಕಮ್ಮಿಯಾಗುತ್ತದೆ, ಚಿಕಿತ್ಸೆ ಕೊಟ್ಟರೆ ಗುಣವಾಗುತ್ತದೆ. ಗಡಗಡನೆ ಒಪ್ಪಿಸಿದೆ.

"ತಡಿ ತಡಿ," ಎಂದೆ ನೀನು. "ಜರಡಿ ಕೆಟ್ರೆ ರಕ್ತ ಕೊಳಕಾಗ್ಬೇಕು. ಕಮ್ಮಿ ಯಾಕಾದದು?"

ಬರೆದ ಹಾಳೆ ತೆಗೆದು ನೋಡಿದೆ. ಸಾರಾಂಶದಲ್ಲಿ ಎರಡು ಸಾಲೂ ಅಕ್ಕಪಕ್ಕ ಇದ್ದವು. ಒಂದರಿಂದ ಇನ್ನೊಂದು ಹೇಗೆ ಬಂತೆಂದು ನನಗೆ ಗೊತ್ತೇ ಇರಲಿಲ್ಲ. ಓದುವಾಗ ಕಣ್ಣು ಸಲೀಸಾಗಿ ದಾಟಿಕೊಂಡು ಹೋಗುತ್ತಿತ್ತು, ಹಾಗಾಗಿ ಗೊತ್ತಿದೆ ಎಂದೇ ನಂಬಿದ್ದೆ. ನಿನಗೆ ಹೇಳಲು ಹೊರಟಾಗ ನಾಲಿಗೆ ಅಲ್ಲೇ ನಿಂತಿತು. "ಒಂದಕ್ಕೆ ಚೆನ್ನಾಗೇ ಓಯ್ತಿದ್ರೂ ಕಿಡ್ನಿ ಕೆಟ್ಟಿರ್ತದಾ?" ಎಂದು ನೀನು ಮತ್ತೆ ಕೇಳಿದೆ. ಅದು ನನ್ನ ಹಾಳೆಯಲ್ಲೇ ಇರಲಿಲ್ಲ. "ಓಗ್ಲಿ, ಗುಣ ಆಯ್ತದೆ ಅಂದ್ಯಲ್ಲ, ಅದು ದಿಟ್ವಾ?" "ದಿಟ ಕಣಜ್ಜಿ!" ಎಂದು ಗದರಿದೆ. ಅದೊಂದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಆ ದಿನ ನೀನು ಖುಷಿಯಾಗಿ ಉಂಡೆ.

ಹಟ ಹಿಡಿಯಿತು ನನಗೆ. ದಪ್ಪ ಪುಸ್ತಕ ತೆಗೆದು, ನಾಲಿಗೆ ಎಲ್ಲೆಲ್ಲಿ ತಡವರಿಸಿತ್ತೋ ಅಷ್ಟನ್ನೇ ಹುಡುಕಿ ಓದಿದೆ. ಮಾರನೆಯ ದಿನ ಪುಸ್ತಕ ಮುಚ್ಚಿಟ್ಟು ಮತ್ತೆ ನಿನ್ನ ಮುಂದೆ ನಿಂತೆ. ಕಿಡ್ನಿ ಬರೀ ಜರಡಿಯಲ್ಲ ಅಜ್ಜಿ, ರಕ್ತ ಮಾಡು ಎಂದು ಮೂಳೆಯೊಳಗಿನ ಮಜ್ಜೆಗೆ ಹೇಳಿಕಳಿಸುವ ರಸವನ್ನೂ ಅದೇ ಮಾಡುತ್ತದೆ. ಅದು ಸೋತರೆ ಹೊಸ ರಕ್ತ ಸಾಕಷ್ಟು ಹುಟ್ಟುವುದಿಲ್ಲ ಎಂದೆ. ನೀರು ಹೊರಗೆ ಹೋದ ಮಾತ್ರಕ್ಕೆ ಕಶ್ಮಲವೂ ಹೋಯಿತೆಂದಲ್ಲ ಎಂದೆ. ನೀನು ತಲೆಯಾಡಿಸುತ್ತಿದ್ದೆ.

ಗುಣವಾಗುತ್ತದೆ ಎಂಬ ಕೊನೆಯ ಸಾಲಿನಲ್ಲಂತೂ ನನ್ನ ತಪ್ಪು ನನಗೇ ಸಿಕ್ಕಿತ್ತು. ತೂಕಡಿಸುತ್ತಾ ಬರೆಯುವಾಗ ಎರಡು ಕಾಯಿಲೆಗಳನ್ನು ಒಂದೇ ಸಾಲಿಗೆ ತುರುಕಿದ್ದೆ. ವಾಂತಿಭೇದಿಯಾಗಿ ತಟ್ಟನೆ ಕೆಟ್ಟ ಕಿಡ್ನಿ ಬಹಳ ಸಲ ಚೇತರಿಸಿಕೊಳ್ಳುತ್ತದೆ. ಬಿಪಿ, ಶುಗರಿನಿಂದ ವರ್ಷಗಟ್ಟಲೆ ಸವೆದದ್ದು ಮೊದಲಿನಂತಾಗುವುದಿಲ್ಲ. ಔಷಧಿಯಿಂದ ಸವೆತ ನಿಧಾನವಾಗುತ್ತದೆ, ಅಷ್ಟೇ. ಪೂರ್ತಿ ಸೋತರೆ ಮೆಷಿನ್ನಿನಲ್ಲಿ ರಕ್ತ ಶುದ್ಧ ಮಾಡಿಸುತ್ತಲೇ ಇರಬೇಕು, ಇಲ್ಲವೇ ಬೇರೆಯವರ ಕಿಡ್ನಿ ಹಾಕಿಸಬೇಕು. ಎರಡೂ ಆಗದಿದ್ದರೆ ಸಾವು. ಎಲ್ಲೂ ತಡವರಿಸದೆ ಹೇಳಿ ಮುಗಿಸಿ, ಭೇಷ್ ಎಂದು ನಾನೇ ಚಪ್ಪಾಳೆ ತಟ್ಟಿಕೊಂಡೆ.

"ಈಗ ಸರ್ಯಾಗಿ ಯೋಳ್ದೆ," ಎಂದು ನೀನು ಸೀರೆ ಎಳೆದು ಪಾದ ಮುಚ್ಚಿಕೊಂಡೆ. ಮುಚ್ಚುವ ಮೊದಲೇ ಕಂಡಿತು ಊದಿದ ನಿನ್ನ ಕಾಲು. ಬೆರಳಿನಿಂದ ಒತ್ತಿದೆ, ಗುಳಿ ಬಿತ್ತು. ಗುಳಿ ಹಾಗೇ ಇತ್ತು.

"ಚಾಮರಾಜನಗರದ ಡಾಕ್ಟ್ರು ನಿಮ್ಮಪ್ಪನ್ನ ಆಚ್ಗೆ ಕರ್ದು ಯೋಳ್ದ," ಎಂದೆ ನೀನು, ಮತ್ತೆ ಅವರೆಕಾಯಿಗೆ ಕೈ ಹಾಕಿ. "ಕಿಡ್ನಿ ಅನ್ನದೊಂದೇ ಕೇಳುಸ್ತು. ನಿಮ್ಮಪ್ಪ ಗ್ಯಾಸು ಅಂತನೆ. ನೀನಾದ್ರೆ ಸುಳ್ಳು ಯೋಳಲ್ಲ, ನಿಂಗೆ ಪರೀಕ್ಸೆ ಅದಲ್ಲ."

ಥೂ ಮುದುಕಿ! ನನ್ನ ಓದಿಗೆ ಕಾವಲು ಕೂತಿದ್ದೀಯ ಎಂದುಕೊಂಡಿದ್ದೆ. ನನ್ನ ಬಾಯಿಂದಲೇ ನಿನ್ನ ಸಾವನ್ನು ಹೊರಡಿಸಿಕೊಂಡೆಯಲ್ಲ!

ಮೆಷಿನ್ನಿಗೆ ಹೋಗೋಣ ಎಂದು ಅಪ್ಪ ನಿನ್ನ ಕಾಲು ಹಿಡಿದ. "ವಾಸಿ ಆಗಲ್ವಂತೆ, ಇವ್ಳೇ ಯೋಳವ್ಳೆ," ಎಂದು ನನ್ನತ್ತ ಬೆರಳು ತೋರಿಸಿದೆ. ವಾಸಿಯಾಗದಿದ್ದರೂ ಬದುಕಬಹುದು ಎಂದು ನಾನು ಅತ್ತೆ, ಬೈದೆ, ಬಿಡಿಸಿ ಬಿಡಿಸಿ ಹೇಳಿದೆ. ಅದು ಮಾತ್ರ ನಿನ್ನ ಕಿವಿಗೆ ಬೀಳಲಿಲ್ಲ. ಅದರ ಬಗ್ಗೆ ಒಂದು ಪ್ರಶ್ನೆಯನ್ನೂ ನೀನು ಕೇಳಲಿಲ್ಲ, ಮೆಷಿನ್ನಿಗೂ ಬರಲಿಲ್ಲ.

ಮೌಖಿಕ ಪರೀಕ್ಷೆಯಲ್ಲಿ ಮೇಡಂ, ಕಿಡ್ನಿ ಸೋತವರ ಮನೆಯವರಿಗೆ ಅರ್ಥವಾಗುವ ಹಾಗೆ ಹೇಳು ಎಂದರು. ಹೇಳಿದೆ. ಇಷ್ಟು ಚೆನ್ನಾಗಿ ಯಾರಿಗೆ ಹೇಳಿ ಹೇಳಿ ಕಲಿತೆ ಎಂದು ನಕ್ಕರು. ಪಾಸಾದೆ ಅಜ್ಜಿ, ಒಳ್ಳೆಯ ನಂಬರು. ಅಷ್ಟರಲ್ಲಿ ನಿನ್ನನ್ನು ಮಣ್ಣು ಮಾಡಿ ಆಗಿತ್ತು.

ಇನ್ನು ಹೋಗಿ ಬಾ. ಹೋದ ಕಡೆ ಕಾಲು ಹಗುರವಾಗಿರಲಿ, ಹೊಟ್ಟೆ ತುಂಬ ಉಣ್ಣು. ಅಲ್ಲಿ ಯಾರಾದರೂ ಪಾಠ ಹೇಳುತ್ತೇನೆಂದು ಬಂದರೆ ಕೇಳಬೇಡ.

ನಿನಗೊಂದು ಸುಳ್ಳು ಹೇಳಲಾರದೆ ಹೋದ ಮೊಮ್ಮಗಳು,
ಮಮತ