ಗೋಡೆಯಾಚೆಗೊಂದು ಕ್ಷಮಾಪಣೆ ಚೀಟಿ

ಫೆ. 3, ಸೋಮವಾರ. ಬೆಳಿಗ್ಗೆ 6.30

ಹಾಲು ಕಾಯಿಸಿದೆ. ಹದಿನೆಂಟು ಲೋಟ ತೊಳೆದೆ, ಇನ್ನೂ ಅಷ್ಟೇ ಇವೆ. ನಿನ್ನೆ ಅತ್ತೆಗೆ ಎಪ್ಪತ್ತು ತುಂಬಿತು. ಟಿ. ನರಸೀಪುರದಿಂದ ಟೆಂಪೊ ತುಂಬ ಜನ. ಅತ್ತೆಯ ತಮ್ಮ ಮಾದಯ್ಯ ಮಾವ ತಮ್ಮದೇ ಸ್ಪೀಕರ್ ಹೊತ್ತು ತಂದಿದ್ದರು, ಮೈಕ್ ಸಮೇತ. ಸಂಜೆ ಐದರಿಂದ ಹಾಡು, ಕುಣಿತ. ಅತ್ತೆ ಸೆರಗು ಸಿಕ್ಕಿಸಿಕೊಂಡು ಎರಡು ಹೆಜ್ಜೆ ಹಾಕಿದರು. ಇಷ್ಟು ನಕ್ಕು ವರ್ಷಗಳಾಗಿತ್ತು.

ರಂಗೋಲಿ ಹಾಕುವಾಗ ಪಕ್ಕದ ಮನೆ ವೆಂಕಟಲಕ್ಷ್ಮಮ್ಮ ಸಿಕ್ಕರು. ಯಜಮಾನರ ಭಾನುವಾರದ ಕ್ಲಾಸ್ ಅರ್ಧಕ್ಕೇ ನಿಂತಿತು ಎಂದರು, ಅಷ್ಟೇ. ಅನಂತಪದ್ಮನಾಭ ಮೇಷ್ಟ್ರು ರಿಟೈರ್ ಆದ ಮೇಲೆ ಆನ್‌ಲೈನ್‌ನಲ್ಲಿ ಮಕ್ಕಳಿಗೆ ಸಂಸ್ಕೃತ ಹೇಳಿಕೊಡುತ್ತಾರೆ. ಭಾನುವಾರ ಆರರಿಂದ ಏಳು. ನಮಗೂ ಅವರಿಗೂ ನಡುವೆ ಒಂದೇ ಗೋಡೆ. ನನಗೆ ಗೊತ್ತಿತ್ತು. ಗೊತ್ತಿದ್ದೂ ನೆನಪು ಮಾಡಿಕೊಳ್ಳಲಿಲ್ಲವೋ, ಬೇಕೆಂದೇ ಮರೆತೆನೋ?

ಅದೇ ದಿನ, ಮಧ್ಯಾಹ್ನ 3

ಚೀಟಿ ಬರೆಯಲು ಕೂತೆ. ವಾಟ್ಸಾಪ್ ಮಾಡಿಬಿಡು ಎಂದು ನಮ್ಮವರು, ಅಮೃತೇಶ್, ಅಂಗಡಿಯಿಂದ ಫೋನಿನಲ್ಲೇ ತೀರ್ಪು ಕೊಟ್ಟರು. ಕೈ ಮುಗಿಯುವ ಗೊಂಬೆ ಕಳಿಸಿ ಮುಗಿಸೋದಾ?

ಮೊದಲು ಬಂದದ್ದು ಇಂಗ್ಲಿಷ್. ರಸ್ತೆ ಅಗೆದವರು ನೆಡುವ ಬೋರ್ಡಿನ ಹಾಗಿತ್ತು. ಹರಿದೆ. ಕನ್ನಡದಲ್ಲಿ ಶುರು ಹೇಗೆ? "ಮಾನ್ಯರೇ" ಅಂದರೆ ನೀರಿನ ಕನೆಕ್ಷನ್ ಕೇಳಿದ ಹಾಗೆ. "ಪ್ರಿಯ" ಅನ್ನಲು ಅವರು ನನ್ನ ಕ್ಲಾಸ್‌ಮೇಟ್ ಅಲ್ಲ. ಹೆಸರು ಬರೆದು ನಮಸ್ಕಾರ ಹಾಕೋದೇ ಸರಿ. ಹೆಂಡತಿಯ ಹೆಸರೂ ಇರಬೇಕು — ಸದ್ದು ಇಬ್ಬರಿಗೂ ಕೇಳಿಸಿತ್ತು.

"ತಮಗೆ ತೊಂದರೆಯಾಗಿದ್ದಲ್ಲಿ" ಎಂದು ಬರೆದೆ. ಆಗಿದ್ದಲ್ಲಿ ಏನು ಬಂತು, ಆಗಿದೆ. ಹೊಡೆದು ಹಾಕಿದೆ. ಅತ್ತೆಯ ಹುಟ್ಟುಹಬ್ಬ ಅಂತ ಕಾರಣ ಕೊಡಲೋ ಬೇಡವೋ... ಒಂದು ಮಾತು ಸಾಕು, ಹೆಚ್ಚಾದರೆ ನೆಪವಾಗುತ್ತದೆ. ನಾಲ್ಕನೇ ಹಾಳೆಯಲ್ಲಿ ನಿಂತದ್ದು ಇದು:

"ಶ್ರೀ ಅನಂತಪದ್ಮನಾಭ ಮೇಷ್ಟ್ರಿಗೂ ವೆಂಕಟಲಕ್ಷ್ಮಮ್ಮನವರಿಗೂ ನಮಸ್ಕಾರಗಳು.

ನಿನ್ನೆ ನಮ್ಮ ಮನೆಯ ಸಮಾರಂಭದ ಗದ್ದಲದಿಂದ ತಮ್ಮ ಪಾಠ ನಿಂತಿತೆಂದು ತಿಳಿದು ಬೇಸರವಾಯಿತು. ಮುಂಚಿತವಾಗಿ ತಿಳಿಸದಿದ್ದದ್ದು ನಮ್ಮ ತಪ್ಪು. ದಯವಿಟ್ಟು ಕ್ಷಮಿಸಬೇಕು. ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇವೆ. ಅನ್ಯಥಾ ಭಾವಿಸಬಾರದಾಗಿ ವಿನಂತಿ.

ಇತಿ ತಮ್ಮ ವಿಶ್ವಾಸಿಗಳು,
ಶಿವರಂಜನಿ, ಅಮೃತೇಶ್"

ಸಹಿಗೆ ಮುಂಚಿನ ಎರಡು ಸಾಲು ಕೈಗೆ ತಾವೇ ಬಂದವು. ಚಂದ ಕಂಡವು, ಬಿಟ್ಟೆ.

ಉಳಿದ ಮೈಸೂರುಪಾಕಿನ ಜೊತೆ ಕೊಡೋಣ ಎಂದರೆ ಅತ್ತೆ ಬೇಡವೆಂದರು. ಮಿಕ್ಕಿದ್ದನ್ನ ಕೊಟ್ಟು ತಪ್ಪಾಯ್ತು ಅನ್ನಬಾರದಂತೆ. ಅಲ್ಲದೆ ನಮ್ಮ ಮನೇಲಿ ಬೇಯಿಸಿದ್ದು ಅವರು ತಿನ್ನುತ್ತಾರೋ ಇಲ್ಲವೋ. ಒಂದು ಚಿಪ್ಪು ರಸಬಾಳೆ ತಟ್ಟೆಯಲ್ಲಿಟ್ಟು, ಚೀಟಿ ಮಡಿಸಿ ಹಣ್ಣಿನ ಪಕ್ಕದಲ್ಲಿಟ್ಟೆ. ನಾನೇ ಹೋಗಿ ಕೊಟ್ಟೆ. ವೆಂಕಟಲಕ್ಷ್ಮಮ್ಮ ಎರಡೂ ಕೈಯಲ್ಲಿ ತಗೊಂಡರು. ಮೇಷ್ಟ್ರು ಮಲಗಿದ್ದರು.

ಫೆ. 6, ಗುರುವಾರ

ಅರ್ಪಿತಾಳ ಫೋನ್. ಅಮೃತೇಶರ ತಂಗಿ, ಬಾಣಂತನ ಗಂಡನ ಮನೇಲೇ, ಮುಗಿಯುತ್ತಾ ಬಂದಿದೆ. ಮಗುವನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಶಾಸ್ತ್ರ ತವರಲ್ಲೇ, ಅಂದರೆ ನಮ್ಮ ಮನೆಯಲ್ಲೇ. ಹದಿನಾರನೇ ತಾರೀಖು, ಭಾನುವಾರ ಸಂಜೆ. ನಲವತ್ತು ಜನ. ಅತ್ತೆ ಕುಣಿಯುವುದೊಂದು ಬಾಕಿ. ನನಗೂ ಖುಷಿ... ಫೋನಿಟ್ಟ ಮೇಲೆ ನೆನಪಾಯಿತು.

"ಹೀಗಾಗದಂತೆ ನೋಡಿಕೊಳ್ಳುತ್ತೇವೆ." ಮೂರು ದಿನವೂ ತಡೆಯಲಿಲ್ಲ.

"ಕಾಗದದಾಗೆ ಎಲ್ರೂ ಅಂಗೇ ಬರೀತಾರೆ ಕಣವ್ವ," ಎಂದರು ಅತ್ತೆ. "ಅದನ್ನ ಯಾರು ಇಡ್ಕೋತಾರೆ?"

ಫೆ. 8, ಶನಿವಾರ

ಮೇಷ್ಟ್ರು ಇಟ್ಟುಕೊಂಡಿದ್ದಾರೆ.

ತಟ್ಟೆ ವಾಪಸ್ ಬಂತು. ಖಾಲಿ ಅಲ್ಲ, ತುಂಬ ಹುರಿಗಡಲೆ ಉಂಡೆ. ಜೊತೆಗೆ ಗೆರೆ ಹಾಳೆಯಲ್ಲಿ, ಮುತ್ತಿನಂಥ ಅಕ್ಷರದಲ್ಲಿ ಉತ್ತರ:

"ಚಿ. ಸೌ. ಶಿವರಂಜನಿಗೆ ಆಶೀರ್ವಾದಗಳು. ಪತ್ರ ತಲುಪಿತು, ಹಣ್ಣು ರುಚಿಯಾಗಿತ್ತು. ಕ್ಷಮೆಯ ಮಾತು ದೊಡ್ಡದು, ಅಗತ್ಯವಿರಲಿಲ್ಲ. ನಿಮ್ಮ ಭರವಸೆಯ ಮೇಲೆ ಮಕ್ಕಳ ಮೌಖಿಕ ಪರೀಕ್ಷೆಯನ್ನು 16ರ ಭಾನುವಾರ ಸಂಜೆ ಆರಕ್ಕೆ ಇಟ್ಟುಕೊಂಡಿದ್ದೇನೆ. ಮನೆಯವರಿಗೆಲ್ಲ ನನ್ನ ವಿಶ್ವಾಸ ತಿಳಿಸುವುದು."

ಮೂರು ಸಲ ಓದಿದೆ. ಒಂದು ಉಂಡೆ ತಿಂದೆ. ನಗು ಬಂತು, ಬೆವರೂ ಬಂತು. ನಾನು ಚಂದಕ್ಕೆ ಬರೆದ ಸಾಲನ್ನು ಒಬ್ಬರು ನಂಬಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾರೆ.

ಫೆ. 10, ಸೋಮವಾರ

ಅಮೃತೇಶ್ ಛತ್ರ ಹುಡುಕೋಣ ಎಂದರು. ತೊಟ್ಟಿಲು ಮನೇಲೇ ಕಟ್ಟಬೇಕೆಂದು ಅತ್ತೆ ಹಟ. ಶಾಸ್ತ್ರ ಬೆಳಿಗ್ಗೆಗೆ ಹಾಕಿ ಎಂದರೆ, ಮುಹೂರ್ತ ಹೇಳುವ ಗಂಗಾಧರಸ್ವಾಮಿಗಳು ಕೊಟ್ಟ ಗಳಿಗೆ ಸಂಜೆ ಏಳೂ ಕಾಲು. ಅಂದರೆ ಪರೀಕ್ಷೆ ಮುಗಿದ ಮೇಲೇ. ಆದರೆ ಜನ ಐದಕ್ಕೇ ಬಂದು ಇಳಿಯುತ್ತಾರೆ, ಮಾವ ಸ್ಪೀಕರಿನೊಂದಿಗೆ.

ಇನ್ನೊಂದು ಚೀಟಿ ಬರೆಯಲು ಪೆನ್ನು ತೆಗೆದೆ, ಇಟ್ಟೆ. ಕಾಗದದಲ್ಲಿ ಮತ್ತೆ ಏನಾದರೂ ಚಂದ ಮಾಡಿಬಿಡುತ್ತೇನೆ. ಕುಂಕುಮದ ಭರಣಿ ಹಿಡಿದು ನಾನೂ ಅತ್ತೆಯೂ ಹೋದೆವು.

ಇದ್ದದ್ದು ಇದ್ದ ಹಾಗೆ ಹೇಳಿದೆ — ಬರೆಯುವಾಗ ಯೋಚಿಸಿರಲಿಲ್ಲ, ಹದಿನಾರಕ್ಕೆ ನಮ್ಮಲ್ಲಿ ನಾಮಕರಣ, ನಲವತ್ತು ಜನ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ತಾವು ಪರೀಕ್ಷೆ ಮುಂದಕ್ಕೆ ಹಾಕುವುದಾಗಿ ಹೇಳಿದರು, ಮಕ್ಕಳಿಗೆ ಮತ್ತೆ ಹೇಳಿದರಾಯಿತು. ಎರಡನೇ ಸಲ. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು.

"ಬೇಡಿ ಮೇಷ್ಟ್ರೇ," ಎಂದೆ. "ಆರರಿಂದ ಏಳು ನಮ್ಮನೇಲಿ ಸದ್ದಿರಲ್ಲ. ಏಳಕ್ಕೆ ನೀವಿಬ್ಬರೂ ಬರಬೇಕು."

"ನಲವತ್ತು ಜನ ಅಂದ್ರಿ?" ವೆಂಕಟಲಕ್ಷ್ಮಮ್ಮನ ಕಣ್ಣಲ್ಲಿ ನಗು.

ಅತ್ತೆ ಅವರ ಹಣೆಗೆ ಕುಂಕುಮ ಇಟ್ಟರು. ಹೊರಗೆ ಬಂದು ನನ್ನ ತೋಳು ಚಿವುಟಿದರು. "ನಮ್ ಮಾದೂನ ಬಾಯಿ ಮುಚ್ಚಿಸ್ತೀಯಾ? ನಮ್ಮವ್ವನ ಕೈಲೇ ಆಗ್ನಿಲ್ಲ."

ಫೆ. 16, ಭಾನುವಾರ. ಸಂಜೆ 6.10

ಅಡುಗೆಮನೆ ಮೂಲೆಯಲ್ಲಿ ಬರೆಯುತ್ತಿದ್ದೇನೆ. ಮಾಡಲು ಬೇರೇನೂ ಇಲ್ಲ, ಪಾತ್ರೆ ಸರಿಸುವಂತಿಲ್ಲ. ಐದೂವರೆಗೆ ಎಲ್ಲರನ್ನೂ ಕೂರಿಸಿ ಹೇಳಿದೆ: ನಾನು ಮಾತು ಕೊಟ್ಟಿದ್ದೇನೆ, ಒಂದು ಗಂಟೆ ನನ್ನ ಮರ್ಯಾದೆ ನಿಮ್ಮ ಕೈಲಿ. ಮಾವ ಎದ್ದು ನಿಂತು ಸ್ಪೀಕರಿನ ವೈರು ಕಿತ್ತು ಸೊಂಟಕ್ಕೆ ಸುತ್ತಿಕೊಂಡರು. "ನಮ್ ಸೊಸೆ ಮಾತು ಅಂದ್ರೆ ನಮ್ದೇ ಮಾತು ಕಣ್ರಲಾ. ಯಾರಾದ್ರೂ ಪಿಟ್ ಅಂದ್ರೆ ಊಟ ಇಲ್ಲ."

6.30

ನಲವತ್ತು ಜನ, ಒಂದು ಫ್ಯಾನಿನ ಸದ್ದು. ಗೋಡೆಯಾಚೆ ಒಂದು ಮಗು ಶ್ಲೋಕ ಹೇಳುತ್ತಿದೆ, ನಡುವೆ ತಡವರಿಸಿತು. ಇಲ್ಲಿ ಎಲ್ಲರೂ ಉಸಿರು ಹಿಡಿದರು. ಮತ್ತೆ ಸಿಕ್ಕಿತು. ಮಾವ ಸದ್ದಿಲ್ಲದೆ ತೊಡೆ ತಟ್ಟಿದರು. ನಗು ತಡೆಯಲಾಗದೆ ಅರ್ಪಿತಾ ಸೆರಗು ಬಾಯಿಗಿಟ್ಟುಕೊಂಡಳು.

6.45

ಅವಳ ಮಗ ಅತ್ತ. ಗಟ್ಟಿಯಾಗಿ, ಮಾವನ ವಂಶವೇ. ಆಚೆ ಶ್ಲೋಕ ನಿಂತಿತು. ಆಮೇಲೆ ಮೇಷ್ಟ್ರ ದನಿ, ನಿಧಾನಕ್ಕೆ, ಲ್ಯಾಪ್‌ಟಾಪಿಗೆ: "ಪಕ್ಕದ ಮನೇಲಿ ಪಾಪು ಇದೆ ಮಕ್ಕಳೇ. ಅದಕ್ಕೆ ವಿನಾಯಿತಿ. ನೀನು ಮುಂದುವರಿಸಪ್ಪ." ಲ್ಯಾಪ್‌ಟಾಪಿನೊಳಗಿಂದ ಎಷ್ಟೋ ಮಕ್ಕಳು ನಕ್ಕಂತೆ ಕೇಳಿಸಿತು. ಅತ್ತೆ ಮಗುವನ್ನೆತ್ತಿ ಹಿತ್ತಿಲಿಗೆ ಓಡಿದರು, ಬರಿಗಾಲಲ್ಲಿ.

ನನಗೂ ಅಳು ಬರುವ ಹಾಗಿದೆ. ಯಾಕೋ.

6.58

ಕೊನೆಯ ಹುಡುಗಿ. ಯಾರೂ ಅಲುಗುತ್ತಿಲ್ಲ. ಮುಗಿಯಿತು. ಮೇಷ್ಟ್ರು ಏನೋ ಹೇಳುತ್ತಿದ್ದಾರೆ, ಎಲ್ಲರೂ ಪಾಸಂತೆ. ಕುರ್ಚಿ ಸರಿದ ಸದ್ದು. ಈಗ ಗೋಡೆಗೇ ಬಾಯಿಟ್ಟು ಕೂಗುತ್ತಿದ್ದಾರೆ, ಇಷ್ಟು ವರ್ಷದಲ್ಲಿ ಅವರ ಈ ದನಿ ನಾನು ಕೇಳಿಯೇ ಇಲ್ಲ:

"ಶಿವರಂಜನಿ, ಆಯ್ತಮ್ಮ! ಇನ್ನು ಹಾಡು ಹಾಕಿಸು!"

ಮಾವ ಸೊಂಟದಿಂದ ವೈರು ಬಿಚ್ಚುತ್ತಿದ್ದಾರೆ, ಮನೆಯೆಲ್ಲ ಎದ್ದು ನಿಂತಿದೆ, ಬಾಗಿಲಲ್ಲಿ ವೆಂಕಟಲಕ್ಷ್ಮಮ್ಮ ರೇಷ್ಮೆ ಸೀರೆಯುಟ್ಟು — ಹೋಗಬೇಕು, ಕರೀತಿದಾರೆ, ಇನ್ನೇನು