ಅರವತ್ತು ದಿನದ ಬಾಗಿಲು

ಲೇ ವೃಷಭೇಂದ್ರ,

ಇದನ್ನ ನಿಂಗೆ ಕಳಿಸಕಿಲ್ಲ, ಆದ್ರೂ ಹೇಳ್ದೆ ಇರಕಾಗ್ತಿಲ್ಲ. ತಾಳವಾಡಿ ಬ್ರೌಸಿಂಗ್ ಸೆಂಟರಲ್ಲಿ ಒಂದೇ ಕುರ್ಚಿಲಿ ಕುಂತು ಆಡ್ತಿದ್ವಲ್ಲ, ಆ ಆನ್‌ಲೈನ್ ಆಟಕ್ಕೆ ಹದಿಮೂರು ವರ್ಷ ಆದ್ಮೇಲೆ ಇವತ್ತು ಹೋಗಿದ್ದೆ. ಹಳೇ ಪಾಸ್‌ವರ್ಡೇ ಹಿಡೀತು. ಇಡೀ ಸರ್ವರಲ್ಲಿ ನಾನೂ ಸೇರಿ ಮೂರೇ ಜನ. ಆಟದ ಸಂತೆ ಬೀದೀಲಿ, ಕಂಪ್ಯೂಟರೇ ಆಡಿಸೋ ಆ ಕಮ್ಮಾರ ಮಾತ್ರ ಯಾರೂ ಇಲ್ದಿದ್ರೂ "ಕತ್ತಿ ಬೇಕಾ?" ಅಂತಿದ್ದ.

ಆಟದೊಳಗೆ ನಾವಿಬ್ರೂ ಕಟ್ಟಿದ್ದ ಮನೆ ಬಿದ್ದೋಗಿರ್ತದೆ ಅಂದ್ಕಂಡಿದ್ದೆ. ಕೀಲಿ ಇರೋರು ಅರವತ್ತು ದಿನದೊಳಗೆ ಒಂದ್ಸಲನಾದ್ರೂ ಬಾಗಿಲು ತೆಗೀದಿದ್ರೆ ಆಟವೇ ಮನೆ ಅಳಿಸಾಕ್ತದಲ್ಲ. ನಿಂತಿತ್ತು ಕಣ್ಲಾ! ಬಾಗಿಲ ಹಲಗೇಲಿ ಕೊನೇಗೆ ತೆಗೆದೋರ ಹೆಸರು ನಿಂದು, ಹನ್ನೊಂದು ದಿನದ ಹಿಂದೆ.

ಒಳಗೆ ಹೋಗಿ ಪೆಟ್ಟಿಗೆ ತೆಗೆದೆ. ನೀನು ಮಾರ್ಕಂಡೆ ಅಂತ ಎಲ್ರ ಮುಂದೆ ಕೂಗಾಡಿ ಮಾತು ಬುಟ್ಟಿದ್ನಲ್ಲ, ನನ್ ಆ ಬೆಳ್ಳಿ ಬಿಲ್ಲು ತಳದಲ್ಲಿತ್ತು. ನನ್ ಕೈಲಿದ್ರೆ ಆಟದಲ್ಲಿ ಸತ್ತಾಗ ಬಿದ್ದೋಯ್ತದೆ ಅಂತ ಮಡಗಿದ್ಯೇನೋ. ಅವತ್ತು ನಾನು ಪೆಟ್ಟಿಗೆ ತೆಗೆದೇ ನೋಡಿರ್ನಿಲ್ಲ.

ಬಿಲ್ಲನ್ನ ಅಲ್ಲೇ ಬುಟ್ಟು ಬಂದೆ. ಹಲಗೇಲಿ ಈಗ ನನ್ ಹೆಸರು ಬಂದದೆ. ಮುಂದ್ಸಾರಿ ನೀನು ಮೊದ್ಲು ಅದ್ನೇ ಓದ್ತೀಯ. ಓದಿದ್ಮೇಲೂ ಬಾಗಿಲು ತೆಗೀತೀಯಾ ಅಂತ ನೋಡ್ಬೇಕು.

ಸೋಮಶೇಖರ